ಒಗ್ಗರಣೆ-ಮಿರ್ಚಿ ಗಿರಾಕಿ ತರುತ್ತೆ, ದುಡ್ಡು ಎಷ್ಟು ತರುತ್ತೆ? ಟಿಫಿನ್ ಹೋಟೆಲಿಗೆ ಮೆನು ಎಂಜಿನಿಯರಿಂಗ್, ಹಂತ ಹಂತವಾಗಿ

ಬಳ್ಳಾರಿಯಲ್ಲಿ ಬೆಳಿಗ್ಗೆ ಏಳೂವರೆಗೆ ಯಾವ ಟಿಫಿನ್ ಹೋಟೆಲಿಗೆ ಹೋದರೂ ಅತಿ ಹೆಚ್ಚು ಕೂಗು ಕೇಳೋದು ಒಗ್ಗರಣೆ-ಮಿರ್ಚಿಗೆ. ಜೀನ್ಸ್ ಹೊಲಿಯುವ ಕೆಲಸಕ್ಕೆ ಹೊರಟವರು, ಆಟೋದವರು, ಹಳ್ಳಿಯಿಂದ ಎಪಿಎಂಸಿಗೆ ಬಂದವರು, ಎಲ್ಲರಿಗೂ ಅದೇ ಬೇಕು. ಹಾಗಾಗಿ ಮಾಲೀಕರಿಗೆ ಅದೇ ತಮ್ಮ ಹೋಟೆಲ್ ನಡೆಸುವ ತಿಂಡಿ ಅನಿಸುತ್ತದೆ. ಗಿರಾಕಿ ಲೆಕ್ಕದಲ್ಲಿ ಅದು ನಿಜ. ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ನಿಜವೋ ಅಲ್ಲವೋ ಅನ್ನೋದು ಬರೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಹಾಗೆ ಬರೆದು ನೋಡುವ ಒಂದು ಕ್ರಮಕ್ಕೆ ಮೆನು ಎಂಜಿನಿಯರಿಂಗ್ ಅಂತಾರೆ. ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಮೈಕೆಲ್ ಕಸವಾನಾ ಮತ್ತು ಡೊನಾಲ್ಡ್ ಸ್ಮಿತ್ 1982ರಲ್ಲಿ ಇದನ್ನು ರೂಪಿಸಿದರು. ಪ್ರತಿ ತಿಂಡಿಗೂ ಎರಡೇ ಪ್ರಶ್ನೆ ಕೇಳಬೇಕು. ಎಷ್ಟು ಹೋಗುತ್ತದೆ? ಒಂದು ಪ್ಲೇಟಿಗೆ ಎಷ್ಟು ರೂಪಾಯಿ ಉಳಿಯುತ್ತದೆ? ಎರಡೂ ಚೆನ್ನಾಗಿದ್ದರೆ ಅದು ಸ್ಟಾರ್. ಜಾಸ್ತಿ ಹೋಗಿ ಕಡಿಮೆ ಉಳಿಸಿದರೆ ಪ್ಲೋಹಾರ್ಸ್, ಅಂದರೆ ಹೊಲ ಉಳುವ ಕುದುರೆ. ಚೆನ್ನಾಗಿ ಉಳಿಸುತ್ತದೆ, ಆದರೆ ಯಾರೂ ಕೇಳೋದಿಲ್ಲ ಅಂದರೆ ಪಜಲ್. ಎರಡೂ ಇಲ್ಲದ್ದು ಡಾಗ್.

ಮುಂದೆ ಒಂದು ಮಾದರಿ ಹೋಟೆಲ್ ಇಟ್ಟುಕೊಂಡು ಇಡೀ ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಹಾಕಿದ್ದು. ನಿಮ್ಮ ಹೋಟೆಲಿಗೆ ನಿಮ್ಮ ದರ, ನಿಮ್ಮ ಅಳತೆಯನ್ನೇ ಹಾಕಬೇಕು.

ಮೊದಲ ಹಂತ: ಒಂದು ಗುಂಪು, ಒಂದು ತಿಂಗಳು

ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ. ಬೆಳಗಿನ ತಿಂಡಿ ಒಂದು ಗುಂಪು, ಮಧ್ಯಾಹ್ನದ ಊಟ ಇನ್ನೊಂದು, ಚಹಾ-ಕಾಫಿ ಮತ್ತೊಂದು. ಚಹಾವನ್ನು ಮಸಾಲೆ ದೋಸೆಯ ಜೊತೆ ಹೋಲಿಸಿದರೆ ಚಹಾ ಯಾವಾಗಲೂ ಕಡಿಮೆ ಉಳಿಸುವ ಐಟಂ ಆಗಿಯೇ ಕಾಣುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಗಿರಾಕಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವಂಥ ತಿಂಡಿಗಳು ಮಾತ್ರ ಒಂದು ಪಟ್ಟಿಯಲ್ಲಿರಲಿ.

ಅವಧಿಗೆ ಒಂದು ತಿಂಗಳು ಸಾಕು, ಆದರೆ ಅದು ಸಾಮಾನ್ಯ ತಿಂಗಳಾಗಿರಬೇಕು. ಕನಕ ದುರ್ಗಮ್ಮನ ಸಿಡಿಬಂಡಿ ಇರುವ ವಾರದ ವ್ಯಾಪಾರ ಬೇರೆ, ಮೇ ತಿಂಗಳ ಬಿಸಿಲಿನ ವ್ಯಾಪಾರ ಬೇರೆ. ಬಿಲ್ಲಿಂಗ್ ಮಷಿನ್ ಇದ್ದರೆ ಐಟಂವಾರು ರಿಪೋರ್ಟ್ ತೆಗೆಯಿರಿ. ಇಲ್ಲದಿದ್ದರೆ ಟೋಕನ್ ಎಣಿಸಿ. ಪಾರ್ಸಲ್ ಬಿಡಬೇಡಿ. ಕೆಲಸದವರು ತಿಂದದ್ದು ಮಾತ್ರ ಈ ಪಟ್ಟಿಗೆ ಬೇಡ.

ಎರಡನೇ ಹಂತ: ಒಂದು ಪ್ಲೇಟಿನ ಖರ್ಚು ತೂಗಿ ನೋಡುವುದು

ಕೆಲಸ ಜಾಸ್ತಿ ಇರೋದು ಇಲ್ಲೇ. ತಪ್ಪುಗಳೂ ಇಲ್ಲೇ ಜಾಸ್ತಿ. ಇಲ್ಲಿ ಅಂದಾಜು ಹೊಡೆದರೆ ಮುಂದಿನ ಲೆಕ್ಕವೆಲ್ಲ ಸುಮ್ನೆ.

ಒಗ್ಗರಣೆ-ಮಿರ್ಚಿಯನ್ನೇ ನೋಡೋಣ. ಪ್ಲೇಟಿಗೆ 60 ಗ್ರಾಂ ಮಂಡಕ್ಕಿ, ಎರಡು ಮಿರ್ಚಿ. ಮಂಡಕ್ಕಿಯನ್ನು ನೆನೆಸುವ ಮೊದಲೇ ತೂಗಬೇಕು. ನೀರು ಹಿಂಡಿದ ಮೇಲೆ ತೂಗಿದರೆ ಲೆಕ್ಕಕ್ಕೆ ಬರುವುದಿಲ್ಲ. ಮಂಡಕ್ಕಿಗೆ 4.50 ರೂಪಾಯಿ, ಈರುಳ್ಳಿ-ಟೊಮೆಟೊ-ಹಸಿಮೆಣಸು-ಕೊತ್ತಂಬರಿಗೆ 2.50, ಒಗ್ಗರಣೆ ಎಣ್ಣೆಗೆ 1.50, ಪುಟಾಣಿ ಹಿಟ್ಟಿಗೆ 1 ರೂಪಾಯಿ. ಎರಡು ಮಿರ್ಚಿಗೆ ಕಡಲೆ ಹಿಟ್ಟು 4, ಮೆಣಸಿನಕಾಯಿ 1.50, ಕರಿಯುವಾಗ ಹೀರಿದ ಎಣ್ಣೆ 2.50. ತಳದಲ್ಲಿ ಉಳಿದು ಹಾಳಾಗುವುದಕ್ಕೆ 50 ಪೈಸೆ. ಒಟ್ಟು 18 ರೂಪಾಯಿ.

ಹೀರಿದ ಎಣ್ಣೆಯನ್ನು ಅಂದಾಜಿನಿಂದ ಹಾಕಬೇಡಿ. ಬೆಳಿಗ್ಗೆ ಬಾಣಲೆಗೆ ಹಾಕುವ ಎಣ್ಣೆ ತೂಗಿ. ನಡುವೆ ಸುರಿದದ್ದನ್ನು ಬರೆದಿಡಿ. ಕೊನೆಗೆ ಆರಿದ ಮೇಲೆ ಉಳಿದದ್ದನ್ನು ತೂಗಿ. ವ್ಯತ್ಯಾಸವನ್ನು ಕರಿದ ಮಿರ್ಚಿಗಳ ಸಂಖ್ಯೆಯಿಂದ ಭಾಗಿಸಿ. ಮೂರ್ನಾಲ್ಕು ದಿನ ಹೀಗೆ ಮಾಡಿದರೆ ನಂಬುವಂಥ ಅಂಕಿ ಸಿಗುತ್ತದೆ. ಎಣ್ಣೆ ಸರಿಯಾಗಿ ಕಾಯದೆ ಮಿರ್ಚಿ ಬಿಟ್ಟ ದಿನ ಈ ಅಂಕಿ ಏರುವುದೂ ಕಾಣುತ್ತದೆ.

ಇಡ್ಲಿ, ವಡೆ, ದೋಸೆಗೆ ಇನ್ನೊಂದು ತೊಡಕು ಇದೆ, ಸಾಂಬಾರ್ ಮತ್ತು ಚಟ್ನಿ. ನಮ್ಮಲ್ಲಿ ಎರಡನೇ ಸಲ ಕೇಳಿದರೆ ಇಲ್ಲ ಅನ್ನೋ ಪದ್ಧತಿ ಇಲ್ಲ. ಅದು ಇರಬೇಕಾದದ್ದೇ. ಆದರೆ ಲೆಕ್ಕದಲ್ಲಿ ಒಂದು ಬಟ್ಟಲು ಅಂತ ಬರೆದು ನಿಜದಲ್ಲಿ ಎರಡೂವರೆ ಬಟ್ಟಲು ಹೋದರೆ ಮಾರ್ಜಿನ್ ಕಾಗದದ ಮೇಲಷ್ಟೇ ಇರುತ್ತದೆ. ಹಾಗಾಗಿ ಬಟ್ಟಲು ಎಣಿಸಬೇಡಿ. ಆ ಬೆಳಿಗ್ಗೆ ಮಾಡಿದ ಪೂರ್ತಿ ಸಾಂಬಾರ್-ಚಟ್ನಿಯ ಸಾಮಾನಿನ ಖರ್ಚನ್ನು, ಅವು ಹೋಗುವ ಪ್ಲೇಟುಗಳಿಗೆ ಮಾತ್ರ ಹಂಚಿ. ಒಗ್ಗರಣೆಗೆ ಸಾಂಬಾರ್ ಹೋಗುವುದಿಲ್ಲ, ಅದರ ಮೇಲೆ ಹೊರಿಸಬೇಡಿ. ಇಡ್ಲಿ-ವಡೆ ತಿನ್ನುವವರು ಜಾಸ್ತಿ ಹಾಕಿಸಿಕೊಳ್ಳುತ್ತಾರೆ, ಅದಕ್ಕೆ ಹೆಚ್ಚು ಪಾಲು ಹಾಕಿ.

ಬೆಲೆ ಬರೆಯುವಾಗ ಜಿಎಸ್‌ಟಿ ಕಳೆದು ಬರೆಯಿರಿ. ಬೋರ್ಡಿನ ಬೆಲೆಯಲ್ಲೇ ಶೇ 5 ತೆರಿಗೆ ಸೇರಿದ್ದರೆ 1.05ರಿಂದ ಭಾಗಿಸಿದ್ದು ನಿಮ್ಮ ನಿಜವಾದ ಬೆಲೆ. ಬಾಡಿಗೆ, ಸಂಬಳ, ಗ್ಯಾಸ್, ಕರೆಂಟ್ ಈ ಲೆಕ್ಕಕ್ಕೆ ಬರುವುದಿಲ್ಲ. ಬೆಲೆಯಿಂದ ಸಾಮಾನಿನ ಖರ್ಚು ಕಳೆದರೆ ಉಳಿಯುವುದೇ ಮಾರ್ಜಿನ್. ಉಳಿದ ಎಲ್ಲ ಖರ್ಚೂ ಅದರಿಂದಲೇ ಹೋಗಬೇಕು.

ಮೂರನೇ ಹಂತ: ಎರಡು ಗೆರೆ ಎಳೆಯುವುದು

ಮಾದರಿ ಹೋಟೆಲಿನ ತಿಂಗಳ ಪಟ್ಟಿ ಇದು:

| ತಿಂಡಿ | ಪ್ಲೇಟ್ | ಬೆಲೆ (ರೂ.) | ಖರ್ಚು (ರೂ.) | ಮಾರ್ಜಿನ್ (ರೂ.) |
|---|---|---|---|---|
| ಒಗ್ಗರಣೆ-ಮಿರ್ಚಿ | 1800 | 40 | 18 | 22 |
| ಇಡ್ಲಿ-ವಡೆ | 1400 | 50 | 19 | 31 |
| ಮಸಾಲೆ ದೋಸೆ | 1200 | 60 | 22 | 38 |
| ಪೂರಿ | 600 | 50 | 23 | 27 |
| ಬೆಣ್ಣೆ ದೋಸೆ | 300 | 80 | 34 | 46 |
| ಪಡ್ಡು | 250 | 50 | 14 | 36 |
| ಉಪ್ಪಿಟ್ಟು | 250 | 30 | 12 | 18 |
| ಈರುಳ್ಳಿ ಊತಪ್ಪ | 200 | 60 | 32 | 28 |

ಒಟ್ಟು 6000 ಪ್ಲೇಟ್. ಮೊದಲ ಗೆರೆ ಮಾರಾಟದ್ದು. ಎಂಟು ತಿಂಡಿ ಸಮನಾಗಿ ಹೋಗಿದ್ದರೆ ಒಂದೊಂದಕ್ಕೆ ಶೇ 12.5 ಪಾಲು ಬರುತ್ತಿತ್ತು. ಅಷ್ಟನ್ನೇ ಗೆರೆ ಮಾಡಿದರೆ ತುಂಬಾ ಬಿಗಿಯಾಯಿತು. ಅದಕ್ಕೇ ಕಸವಾನಾ ಮತ್ತು ಸ್ಮಿತ್ ಅದರ ಶೇ 70 ಮುಟ್ಟಿದರೆ ಸಾಕು ಅಂದರು. 12.5ರ ಶೇ 70 ಅಂದರೆ 8.75. 6000 ಪ್ಲೇಟಿಗೆ ಅದು 525 ಪ್ಲೇಟ್.

ಎರಡನೇ ಗೆರೆ ಮಾರ್ಜಿನ್ನದ್ದು. ಇಲ್ಲಿ ಎಂಟು ಮಾರ್ಜಿನ್ ಕೂಡಿಸಿ ಎಂಟರಿಂದ ಭಾಗಿಸುವುದು ತಪ್ಪು. ಬೆಣ್ಣೆ ದೋಸೆಯ 46 ರೂಪಾಯಿ ಬರೋದು 300 ಪ್ಲೇಟಿಗೆ, ಒಗ್ಗರಣೆಯ 22 ರೂಪಾಯಿ 1800 ಪ್ಲೇಟಿಗೆ. ಅಲ್ವಾ? ಪ್ರತಿ ತಿಂಡಿಯ ಪ್ಲೇಟನ್ನು ಅದರ ಮಾರ್ಜಿನ್ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಪ್ಲೇಟಿನಿಂದ ಭಾಗಿಸಬೇಕು. ಇಲ್ಲಿ ಒಟ್ಟು 1,77,700 ರೂಪಾಯಿ. 6000ದಿಂದ ಭಾಗಿಸಿದರೆ 29.62.

ಶೀಟ್‌ನಲ್ಲಿ A ತಿಂಡಿ, B ಪ್ಲೇಟ್, C ಬೆಲೆ, D ಖರ್ಚು ಇದ್ದರೆ ಮೂರೇ ಸೂತ್ರ ಸಾಕು. ಮೊದಲನೆಯದು E ಕಾಲಮ್ಮಿಗೆ, ಎರಡನೆಯದು ಮಾರಾಟದ ಗೆರೆಗೆ, ಮೂರನೆಯದು ಮಾರ್ಜಿನ್ ಗೆರೆಗೆ:

```
=C2-D2
=0.7*SUM(B2:B9)/COUNT(B2:B9)
=SUMPRODUCT(B2:B9,E2:E9)/SUM(B2:B9)
```

ಈಗ ವಿಂಗಡಿಸಿದರೆ ಇಡ್ಲಿ-ವಡೆ, ಮಸಾಲೆ ದೋಸೆ ಸ್ಟಾರ್. ಒಗ್ಗರಣೆ-ಮಿರ್ಚಿ, ಪೂರಿ ಪ್ಲೋಹಾರ್ಸ್. ಬೆಣ್ಣೆ ದೋಸೆ, ಪಡ್ಡು ಪಜಲ್. ಉಪ್ಪಿಟ್ಟು, ಊತಪ್ಪ ಡಾಗ್.

ಇಲ್ಲಿ ಒಂದು ಹಳೆ ಅಭ್ಯಾಸ ಬಿಡಬೇಕು. ಬಹಳ ಜನ ಖರ್ಚನ್ನು ಶೇಕಡಾದಲ್ಲಿ ನೋಡುತ್ತಾರೆ. ಬೆಣ್ಣೆ ದೋಸೆಗೆ ಬೆಲೆಯ ಶೇ 42.5 ಸಾಮಾನಿಗೇ ಹೋಗುತ್ತದೆ, ಉಪ್ಪಿಟ್ಟಿಗೆ ಶೇ 40 ಅಷ್ಟೇ. ಹಾಗೆ ನೋಡಿದರೆ ಉಪ್ಪಿಟ್ಟೇ ಒಳ್ಳೆಯದು ಅನಿಸುತ್ತದೆ. ಆದರೆ ಉಪ್ಪಿಟ್ಟು ಕೊಡೋದು 18 ರೂಪಾಯಿ, ಬೆಣ್ಣೆ ದೋಸೆ 46. ಬಾಡಿಗೆ ಕಟ್ಟೋದು ರೂಪಾಯಿಯಲ್ಲಿ.

ಗೆರೆಯ ಹತ್ತಿರ ನಿಂತ ತಿಂಡಿಯ ಹೆಸರನ್ನು ಪೂರ್ತಿ ನಂಬಬೇಡಿ. ಇಡ್ಲಿ-ವಡೆ ಸ್ಟಾರ್ ಆಗಿರೋದು ಬರೀ ಒಂದೂ ಚಿಲ್ಲರೆ ರೂಪಾಯಿಯಿಂದ. ಸಾಂಬಾರಿನ ಲೆಕ್ಕದಲ್ಲಿ ಪ್ಲೇಟಿಗೆ 2 ರೂಪಾಯಿ ಕಡಿಮೆ ಹಿಡಿದಿದ್ದರೆ ಅದರ ಮಾರ್ಜಿನ್ 29, ಗೆರೆ 29.15. ಅಲ್ಲಿಗೆ ಅದು ಪ್ಲೋಹಾರ್ಸ್. ಹೀಗೆ ಅಂಚಿನಲ್ಲಿರುವ ತಿಂಡಿಯನ್ನು ಇನ್ನೊಂದು ಸಲ ತೂಗಿ ನೋಡಿಯೇ ಮುಂದೆ ಹೋಗಿ.

ನಾಲ್ಕನೇ ಹಂತ: ಪ್ಲೋಹಾರ್ಸಿಗೆ ಏನು ಮಾಡಬೇಕು

ನಮ್ಮ ಊರಿನ ಹೋಟೆಲುಗಳಿಗೆ ಹೆಚ್ಚು ದುಡ್ಡು ಅಡಗಿರೋದು ಈ ಬಗೆಯ ತಿಂಡಿಗಳಲ್ಲಿ. ಪ್ಲೇಟ್ ಜಾಸ್ತಿ ಇರೋದರಿಂದ ಒಂದೊಂದು ರೂಪಾಯಿಯೂ 1800 ಸಲ ಬರುತ್ತದೆ.

ಮೊದಲು ಹೊಳೆಯೋದು ಬೆಲೆ ಏರಿಸೋದು. 40 ಇದ್ದದ್ದನ್ನು 45 ಮಾಡಿದರೆ ಮಾರ್ಜಿನ್ 22ರಿಂದ 27ಕ್ಕೆ ಹೋಗುತ್ತದೆ. ಈಗ ಬರುತ್ತಿರುವ 39,600 ರೂಪಾಯಿಯನ್ನು 27ರಿಂದ ಭಾಗಿಸಿದರೆ ಸುಮಾರು 1467. ಅಂದರೆ 333 ಪ್ಲೇಟ್ ಕಡಿಮೆ ಹೋದರೂ ನಷ್ಟವಿಲ್ಲ ಅಂತ ಲೆಕ್ಕ ಹೇಳುತ್ತದೆ.

ಆದರೆ ಒಗ್ಗರಣೆ ತಿನ್ನಲು ಬಂದವನು ಚಹಾ ಕುಡಿಯದೆ ಎದ್ದು ಹೋಗುತ್ತಾನಾ? ಅವನು ಪಕ್ಕದ ಹೋಟೆಲಿಗೆ ಹೋದರೆ ಚಹಾವೂ ಅಲ್ಲೇ. ಒಂದು ಚಹಾಕ್ಕೆ 9 ರೂಪಾಯಿ ಉಳಿಯುತ್ತದೆ, ಎಲ್ಲರೂ ಚಹಾ ಕುಡಿಯುತ್ತಾರೆ ಅಂತ ಇಟ್ಟುಕೊಳ್ಳಿ. ಈಗ ಒಬ್ಬ ಗಿರಾಕಿಯಿಂದ ಬರೋದು 31, ಬೆಲೆ ಏರಿಸಿದ ಮೇಲೆ 36. 1800ನ್ನು 31ರಿಂದ ಗುಣಿಸಿ 36ರಿಂದ ಭಾಗಿಸಿದರೆ 1550. ಕಳೆದುಕೊಳ್ಳಬಹುದಾದ ಪ್ಲೇಟ್ 333ರಿಂದ 250ಕ್ಕೆ ಇಳಿಯಿತು. ದಿನಕ್ಕೆ 60 ಪ್ಲೇಟ್ ಹೋಗುವ ಕಡೆ ಎಂಟಕ್ಕಿಂತ ಜಾಸ್ತಿ ಕಡಿಮೆಯಾದರೆ ಬೆಲೆ ಏರಿಸಿದ್ದು ಉಲ್ಟಾ ಹೊಡೆದಂತೆ. ಇದೇ ರಸ್ತೆಯಲ್ಲಿ ಇನ್ನೂ ಮೂರು ಕಡೆ 40 ರೂಪಾಯಿಗೇ ಒಗ್ಗರಣೆ ಸಿಗುತ್ತಿದ್ದರೆ ನಾನಂತೂ ಬೆಲೆಗೆ ಕೈ ಹಾಕುವುದಿಲ್ಲ. ಈ ಊರಿನಲ್ಲಿ ಜನ ಹೋಟೆಲ್ ಅಳೆಯೋದೇ ಒಗ್ಗರಣೆ-ಮಿರ್ಚಿಯ ಬೆಲೆಯಿಂದ.

ಬದಲಿಗೆ ಮೊದಲು ಬಡಿಸುವ ಕೈ ನೋಡಿ. ಲೆಕ್ಕದಲ್ಲಿ 60 ಗ್ರಾಂ ಇದ್ದರೂ ಮುಂಜಾನೆ ಪಾತ್ರೆ ತುಂಬಿರುವಾಗ ಸೌಟು ಉದಾರವಾಗಿರುತ್ತದೆ. ತಳ ಕಂಡಾಗ ಬಿಗಿಯಾಗುತ್ತದೆ. ತಿನ್ನುವವನಿಗೂ ಇದು ಅನ್ಯಾಯ. ಗೊತ್ತುಪಡಿಸುವುದು ಸುಲಭ. 6 ಕೆಜಿ ಒಣ ಮಂಡಕ್ಕಿಯ ಪಾತ್ರೆಯಿಂದ 100 ಪ್ಲೇಟ್ ಬರಬೇಕು. 85ಕ್ಕೇ ಮುಗಿದರೆ ಪ್ಲೇಟಿಗೆ 70 ಗ್ರಾಂ ದಾಟಿದೆ ಅಂತ ಅರ್ಥ, ನಿಮ್ಮ 18 ರೂಪಾಯಿ ಲೆಕ್ಕವೇ ಸುಳ್ಳು. ಒಂದು ಪ್ಲೇಟಿಗೆ ಸರಿಯಾಗುವ ಬಟ್ಟಲು ಗೊತ್ತು ಮಾಡಿ ಅದರಲ್ಲೇ ಅಳೆದು ಹಾಕಿಸಿ. ಎಣ್ಣೆ ಸರಿಯಾಗಿ ಕಾಯಿಸಿ, ಕಡಲೆ ಹಿಟ್ಟಿನ ಹದ ನೋಡಿ, ಪ್ಲೇಟಿಗೆ 2 ರೂಪಾಯಿ ನಿಜವಾಗಿ ಉಳಿಸಿದರೆ ತಿಂಗಳಿಗೆ 3,600. ಗಿರಾಕಿಗೆ ಒಂದು ಪೈಸೆಯೂ ಜಾಸ್ತಿ ಆಗಿಲ್ಲ. ಮಂಡಕ್ಕಿ ಮಾತ್ರ ಕೀಳು ದರ್ಜೆಯದ್ದು ತರಬೇಡಿ. ಅದು ನೆನೆದಾಗ ಮುದ್ದೆಯಾಗುತ್ತದೆ, ಜನ ಎರಡನೇ ದಿನಕ್ಕೇ ಗುರುತು ಹಿಡಿಯುತ್ತಾರೆ.

ಎರಡನೆಯದು, ಬಿಡಿ ಮಿರ್ಚಿ. ಒಂದು ಮಿರ್ಚಿಗೆ ಖರ್ಚು 4 ರೂಪಾಯಿ, 10ಕ್ಕೆ ಕೊಟ್ಟರೆ 6 ಉಳಿಯಿತು. ಐದರಲ್ಲಿ ಒಬ್ಬರು ತಗೊಂಡರೂ ತಿಂಗಳಿಗೆ 2,160. ಬಿಸಿ ಮಿರ್ಚಿಯ ತಟ್ಟೆ ಹಿಡಿದು ಟೇಬಲ್ ಹತ್ತಿರ ಬಂದು ಕೇಳಿದರೆ ಬೇಡ ಅನ್ನೋರು ಕಡಿಮೆ.

ಐದನೇ ಹಂತ: ಪಜಲ್ ಮಾರುವುದು, ಆದರೆ ಯಾವುದನ್ನು?

ಪುಸ್ತಕದ ಲೆಕ್ಕದಲ್ಲಿ ಬೆಣ್ಣೆ ದೋಸೆಯನ್ನೇ ಮೊದಲು ತಳ್ಳಬೇಕು, 46 ರೂಪಾಯಿ ಉಳಿಯುತ್ತದೆ. ಆದರೆ ಈ ವಿಧಾನ ಹಂಚನ್ನು ನೋಡುವುದಿಲ್ಲ. ಮಸಾಲೆ ದೋಸೆ ಮೂರು ನಿಮಿಷಕ್ಕೆ ಏಳುತ್ತದೆ, ದಪ್ಪನೆ ಬೆಣ್ಣೆ ದೋಸೆಗೆ ಐದು ನಿಮಿಷ ಬೇಕು ಅಂದುಕೊಳ್ಳಿ. ಹಂಚಿನ ಒಂದು ಜಾಗ ನಿಮಿಷಕ್ಕೆ ಎಷ್ಟು ದುಡಿಯಿತು ಅಂತ ನೋಡಿದರೆ ಮಸಾಲೆ ದೋಸೆ 12 ರೂಪಾಯಿ ಮೇಲೆ, ಬೆಣ್ಣೆ ದೋಸೆ 9 ಚಿಲ್ಲರೆ. ಎಂಟರಿಂದ ಹತ್ತರವರೆಗೆ ಹಂಚು ಖಾಲಿ ಇಲ್ಲದಾಗ ಬೆಣ್ಣೆ ದೋಸೆ ತಳ್ಳಿದರೆ ನಷ್ಟ, ಕಾಯುವವರ ಸಾಲೂ ಉದ್ದ. ಹತ್ತರ ನಂತರ, ಸಂಜೆ, ಹಂಚು ಬಿಡುವಾಗಿದ್ದಾಗ ತಳ್ಳಿ. ಆಗ 46 ರೂಪಾಯಿ ಪೂರ್ತಿ ಲಾಭವೇ.

ಬೆಳಗಿನ ರಶ್ಶಿಗೆ ಪಡ್ಡು ಸರಿ. ಅದರ ಹಂಚು ಬೇರೆ, ಒಲೆ ಬೇರೆ, ಹಿಟ್ಟು ದೋಸೆಯದ್ದೇ. ಹಾಗಿದ್ದೂ ಯಾಕೆ ಹೋಗುತ್ತಿಲ್ಲ? ಕಾರಣ ಹುಡುಕಲು ಸಪ್ಲೈಯರ್ ಮಾತು ಕೇಳಿ. ನಮ್ಮಲ್ಲಿ ಬೋರ್ಡ್ ಓದುವವರು ಎಷ್ಟು ಜನ? ಕೂತವರು "ಏನೇನೈತಿ?" ಅಂತಾರೆ. "ಇಡ್ಲಿ, ವಡಿ, ಒಗ್ಗರಣಿ, ಪೂರಿ, ದೋಸಿ..." ಅಂತ ಅವನು ಒಂದೇ ಉಸಿರಿಗೆ ಹೇಳುತ್ತಾನೆ. ಪಡ್ಡು ಬರುವ ಹೊತ್ತಿಗೆ ಗಿರಾಕಿ ಒಗ್ಗರಣೆ ಹೇಳಿ ಆಗಿರುತ್ತದೆ. ಆ ಸಾಲೇ ನಿಮ್ಮ ನಿಜವಾದ ಮೆನು. ಅದರಲ್ಲಿ ಪಡ್ಡು ಮೊದಲು ಬರಲಿ: "ಬಿಸಿ ಪಡ್ಡು ಐತ್ರಿ, ಇಡ್ಲಿ, ಒಗ್ಗರಣಿ..." ಬೋರ್ಡಿನಲ್ಲಿ ಹೆಸರು ಮೇಲೆ ತರುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ. ಪಡ್ಡಿನ ಹಂಚನ್ನು ಬಾಗಿಲಿಗೆ ಕಾಣುವ ಕಡೆ ಇಟ್ಟರೆ ಇನ್ನೂ ಒಳ್ಳೆಯದು.

ಪಡ್ಡು ಜಾಸ್ತಿ ಹೋದರೆ ಸಾಲದು, ಯಾವುದನ್ನು ಬಿಟ್ಟು ಬಂದರು ಅನ್ನೋದು ಮುಖ್ಯ. ದಿನಕ್ಕೆ ಹತ್ತು ಜನ ಪೂರಿ ಬಿಟ್ಟು ಪಡ್ಡಿಗೆ ಬಂದರೆ ಪ್ಲೇಟಿಗೆ 9 ರೂಪಾಯಿಯಂತೆ ತಿಂಗಳಿಗೆ 2,700 ಜಾಸ್ತಿ. ಮಸಾಲೆ ದೋಸೆ ಬಿಟ್ಟು ಬಂದರೆ ಪ್ಲೇಟಿಗೆ 2 ರೂಪಾಯಿ ಕಮ್ಮಿ. ತಿಂಗಳ ಪಟ್ಟಿಯಲ್ಲಿ ಪಡ್ಡು ಏರಿದಾಗ ಯಾವುದು ಇಳಿಯಿತು ಅಂತ ತಪ್ಪದೆ ನೋಡಿ.

ಆರನೇ ಹಂತ: ಡಾಗ್ ತೆಗೆಯುವ ಮುಂಚೆ

ಡಾಗ್ ಅಂದ ಕೂಡಲೇ ತೆಗೆದುಹಾಕಿ ಅಂತ ಹೇಳುವವರು ಬಹಳ. ಇದೇ ಪಟ್ಟಿಯಿಂದ ಉಪ್ಪಿಟ್ಟು, ಊತಪ್ಪ ತೆಗೆದು ಲೆಕ್ಕ ಮಾಡಿ ನೋಡಿ. ಉಳಿದ ಆರು ತಿಂಡಿ ಮೊದಲಿನಷ್ಟೇ ಹೋದವು ಅಂದುಕೊಳ್ಳೋಣ. ಒಟ್ಟು 5550 ಪ್ಲೇಟ್. ಸಮಪಾಲು ಶೇ 16.67, ಅದರ ಶೇ 70 ಅಂದರೆ 11.67. ಗೆರೆ 525ರಿಂದ ಸುಮಾರು 648 ಪ್ಲೇಟಿಗೆ ಏರಿತು. ಪೂರಿ 600ರಲ್ಲೇ ಇದೆ, ಮಾರ್ಜಿನ್ 27. ನಿನ್ನೆ ಪ್ಲೋಹಾರ್ಸ್ ಆಗಿದ್ದ ಪೂರಿ ಇವತ್ತು ಡಾಗ್! ಪೂರಿಯಲ್ಲಿ ಏನೂ ಬದಲಾಗಿಲ್ಲ. ಗೆರೆ ಸರಾಸರಿಯಿಂದ ಬರೋದರಿಂದ ಯಾರಾದರೂ ಕೆಳಗೆ ಇದ್ದೇ ಇರುತ್ತಾರೆ. ಹೀಗೆ ತೆಗೆಯುತ್ತಾ ಹೋದರೆ ಕೊನೆಗೆ ಬೋರ್ಡೇ ಖಾಲಿ.

ಹಾಗಾಗಿ ಎರಡು ಪ್ರಶ್ನೆ ಕೇಳಿ. ಇದಕ್ಕಾಗಿ ಬೇರೆ ಸಾಮಾನು, ಬೇರೆ ಪಾತ್ರೆ, ಬೇರೆ ಕೈ ಬೇಕಾ? ಇದು ಇಲ್ಲದಿದ್ದರೆ ಯಾರಾದರೂ ಬರೋದು ಬಿಡುತ್ತಾರಾ?

ಊತಪ್ಪಕ್ಕೆ ದೋಸೆ ಹಿಟ್ಟೇ ಸಾಕು, ಹೇಳಿದಾಗ ಮಾಡೋದು, ಉಳಿದು ಹಾಳಾಗುವುದಿಲ್ಲ. ಆದರೆ ಹಂಚಿನ ಮೇಲೆ ದೋಸೆಯ ದುಪ್ಪಟ್ಟು ಹೊತ್ತು ಕೂರುತ್ತದೆ, ಈರುಳ್ಳಿಯೂ ಜಾಸ್ತಿ. 60ರ ಬದಲು 65 ಮಾಡಿ. ಹೋಗುವ ಸಂಖ್ಯೆಯೇ ಕಡಿಮೆ, ಏರಿಸಿ ನೋಡಲು ಅಪಾಯವಿಲ್ಲ. ಬೆಳಗಿನ ರಶ್ಶಿನಲ್ಲಿ ಕೊಡಬೇಡಿ, ಸಂಜೆಗೆ ಇಡಿ.

ಉಪ್ಪಿಟ್ಟಿನ ಕತೆ ಬೇರೆ. ಅದನ್ನು ಪಾತ್ರೆ ತುಂಬ ಮುಂಚೆಯೇ ಮಾಡಿಡಬೇಕು, ಹತ್ತಕ್ಕೆ ಉಳಿದದ್ದು ಚೆಲ್ಲೋದೇ. ಚೆಲ್ಲಿದ್ದನ್ನು ಖರ್ಚಿಗೆ ಸೇರಿಸಿದರೆ 12 ಅನ್ನೋದು 15 ಆಗಬಹುದು. ಒಂದು ವಾರ ಉಳಿಕೆ ತೂಗಿ ಬರೆಯಿರಿ. ಆದರೆ ಎಣ್ಣೆ ಬೇಡ ಅನ್ನೋ ವಯಸ್ಸಾದವರು ಮನೆಯವರ ಜೊತೆ ಬಂದು ಉಪ್ಪಿಟ್ಟು ತಗೋತಾರೆ, ಜೊತೆಗಿದ್ದ ಮೂವರು ದೋಸೆ ತಿನ್ನುತ್ತಾರೆ. ಆ ಟೇಬಲ್ಲೇ ಹೋದರೆ 18 ರೂಪಾಯಿ ಮಾತ್ರ ಹೋಗುವುದಿಲ್ಲ. ಉಪ್ಪಿಟ್ಟಿನ ಬಿಲ್ಲುಗಳಲ್ಲಿ ಜೊತೆಗೆ ಏನು ಹೋಗಿದೆ ಅಂತ ನೋಡಿ. ಬರೀ ಉಪ್ಪಿಟ್ಟೇ ಇದ್ದರೆ ನಿಲ್ಲಿಸಬಹುದು. ದೋಸೆಗಳ ಜೊತೆ ಇದ್ದರೆ ಪಾತ್ರೆ ಚಿಕ್ಕದು ಮಾಡಿ, ಮುಗಿದ ಮೇಲೆ ಮತ್ತೆ ಮಾಡಬೇಡಿ.

ಸ್ಟಾರ್‌ಗಳ ಬಗ್ಗೆ ಹೇಳೋದು ಕಡಿಮೆ. ಮಸಾಲೆ ದೋಸೆಯ ಅಳತೆ, ಪಲ್ಯ, ಎಣ್ಣೆ ಯಾವುದನ್ನೂ ಕಡಿಮೆ ಮಾಡಬೇಡಿ. ಹಿಟ್ಟು ಯಾವ ದಿನವೂ ಮುಗಿಯಬಾರದು. ಬೆಲೆ ಏರಿಸಲೇಬೇಕಾದ ದಿನ ಬಂದರೆ ಮೊದಲು ಇಲ್ಲಿ ಏರಿಸಿ, ಒಗ್ಗರಣೆಯಲ್ಲಿ ಅಲ್ಲ.

ಏಳನೇ ಹಂತ: ಮತ್ತೆ ಅಳೆಯುವುದು

ಒಂದು ತಿಂಗಳಿಗೆ ಒಂದೇ ಬದಲಾವಣೆ ಮಾಡಿ. ಒಗ್ಗರಣೆಯ ಬಟ್ಟಲು, ಪಡ್ಡಿನ ಕೂಗು, ಊತಪ್ಪದ ಬೆಲೆ ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ತಿಂಗಳಾದ ಮೇಲೆ ನೋಡಬೇಕಾದ್ದು ಗೆರೆಯನ್ನಲ್ಲ, ಒಟ್ಟು ಮಾರ್ಜಿನ್ ಅನ್ನು. ಪ್ಲೇಟಿನ ಸರಾಸರಿ 29.62ರಿಂದ 31ಕ್ಕೆ ಏರಿ, ಒಟ್ಟು ಪ್ಲೇಟ್ 6000ದಿಂದ 5600ಕ್ಕೆ ಇಳಿದರೆ ಕೈಗೆ ಬರೋದು 1,73,600. ಮೊದಲಿದ್ದ 1,77,700ಕ್ಕಿಂತ ಅದು ಕಡಿಮೆ, ಆ ಬದಲಾವಣೆಯನ್ನು ವಾಪಸ್ ತೆಗೆಯಿರಿ. ಉದ್ದಿನ ಬೇಳೆ, ಎಣ್ಣೆ, ಈರುಳ್ಳಿ ಈ ಮೂರರಲ್ಲಿ ಯಾವುದರ ದರ ಜೋರಾಗಿ ಏರಿಳಿದರೂ ತಿಂಗಳು ಮುಗಿಯಲು ಕಾಯದೆ ಖರ್ಚಿನ ಕಾಲಮ್ ತಿದ್ದಿ.